ಮೈಲುತುತ್ತಿನ ನೀಲಿ ಮತ್ತು ಕಲರಿಮೀಟರ್: ರೇಖೆ ನೇರವಾಗಿ ಬಾರದಿದ್ದಾಗ ಎಲ್ಲಿ ಹುಡುಕಬೇಕು

ಕಾಸರಗೋಡು ಮತ್ತು ಮಂಜೇಶ್ವರದ ಅಡಿಕೆ ತೋಟದ ಮನೆಗಳಿಂದ ಬರುವ ಮಕ್ಕಳಿಗೆ ತಾಮ್ರದ ಸಲ್ಫೇಟ್ ಪುಸ್ತಕದಲ್ಲಿ ಮೊದಲು ಕಾಣುವ ವಸ್ತುವಲ್ಲ. ಮಳೆಗಾಲದ ಆರಂಭದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನ ಅಂಗಳದ ಡ್ರಮ್ಮಿನಲ್ಲಿ ಕರಗುವ ಮೈಲುತುತ್ತೇ ಅದು. ಆದ್ದರಿಂದ ಹೈಯರ್ ಸೆಕೆಂಡರಿ ಪ್ರಯೋಗಶಾಲೆಯಲ್ಲಿ ಬಣ್ಣದ ಗಾಢತೆಗೂ ದ್ರಾವಣದ ಸಾರತೆಗೂ ಇರುವ ಸಂಬಂಧವನ್ನು ತೋರಿಸಲು ನಾನು ಇದೇ ಲವಣವನ್ನು ಆರಿಸಿಕೊಳ್ಳುತ್ತೇನೆ. ಪ್ರಯೋಗ ಸರಳವಾದರೂ ಅಂಕೆಗಳು ಹಲವು ಬಾರಿ ಮಾತು ಕೇಳುವುದಿಲ್ಲ. ಹಾಗಾದಾಗ ಉಪಕರಣವನ್ನೇ ದೂರುವ ಮೊದಲು ಏನನ್ನು, ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಮೂಲಕವೇ ಇಲ್ಲಿ ಬರೆದಿದ್ದೇನೆ.

ಮುಂದೆ ಬರುವ ಅಂಕೆಗಳೆಲ್ಲ ಒಂದೇ ಪ್ರಯೋಗದವು. ನೀಲಿ ಹರಳಿನ ತಾಮ್ರದ ಸಲ್ಫೇಟನ್ನು 4.99 ಗ್ರಾಂ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ 100 ಮಿಲಿಲೀಟರಿಗೆ ತುಂಬಿದರೆ 0.20 ಮೋಲಾರ್ ಮೂಲ ದ್ರಾವಣವಾಗುತ್ತದೆ. ಅದರಿಂದ ಬ್ಯೂರೆಟ್ಟಿನಲ್ಲಿ 2, 4, 6, 8 ಮತ್ತು 10 ಮಿಲಿಲೀಟರ್ ತೆಗೆದು, ಪ್ರತಿಯೊಂದನ್ನೂ ನೀರಿನಿಂದ 10 ಮಿಲಿಲೀಟರ್ ಮಾಡಿದರೆ 0.04ರಿಂದ 0.20ರವರೆಗೆ ಐದು ದ್ರಾವಣಗಳು ಸಿಗುತ್ತವೆ. 680 ನ್ಯಾನೋಮೀಟರ್ ಕೆಂಪು ಫಿಲ್ಟರ್ ಮತ್ತು ಒಂದು ಸೆಂಟಿಮೀಟರ್ ಅಗಲದ ಕ್ಯುವೆಟ್ ಬಳಸಿದಾಗ ಅವು ಕ್ರಮವಾಗಿ 0.16, 0.31, 0.47, 0.63 ಮತ್ತು 0.78 `OD`, ಅಂದರೆ ಬೆಳಕಿನ ಹೀರಿಕೆಯ ಅಳತೆ, ತೋರಿಸಿದವು. ನಿಮ್ಮ ಫಿಲ್ಟರ್ ಬೇರೆಯಾದರೆ ಅಂಕೆಗಳೂ ಬೇರೆಯಾಗುತ್ತವೆ. ಆದರೆ ಏರಿಕೆಯ ರೀತಿ ಬೇರೆಯಾಗಬಾರದು.

ಆರಂಭಿಸುವ ಮೊದಲು ಎಚ್ಚರಿಕೆ

ತಾಮ್ರದ ಸಲ್ಫೇಟ್ ನುಂಗಿದರೆ ವಿಷ, ಕಣ್ಣಿಗೆ ತಗುಲಿದರೆ ಗಂಭೀರ ಹಾನಿ. ಕನ್ನಡಕ ಧರಿಸಬೇಕು, ಪಿಪೆಟ್ಟನ್ನು ಬಾಯಿಂದ ಎಳೆಯಲೇಬಾರದು. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ನುಂಗಿದ್ದರೆ ವಾಂತಿ ಮಾಡಿಸಲು ಯತ್ನಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ತಾಮ್ರವು ಮೀನು ಮತ್ತು ಇತರ ಜಲಜೀವಿಗಳಿಗೆ ಬಹಳ ಹಾನಿಕರ. ಆದ್ದರಿಂದ ಉಳಿದ ದ್ರಾವಣವನ್ನು ತೋಡಿಗೆ ಸೇರುವ ಮೋರಿಗೆ ಚೆಲ್ಲದೆ, ಹೆಸರು ಬರೆದ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಸಿ ಪ್ರಯೋಗಶಾಲೆಯ ಹೊಣೆ ಹೊತ್ತವರಿಗೆ ಒಪ್ಪಿಸಬೇಕು.

ಲಕ್ಷಣ: ಬಣ್ಣ ಗಾಢವಾದಂತೆ ಅಂಕೆ ಇಳಿಯುತ್ತದೆ

ಇದು ದೋಷವಲ್ಲ, ಮೀಟರ್ `%T` ಸ್ಥಾನದಲ್ಲಿದ್ದು, ದಾಟಿ ಬಂದ ಬೆಳಕು ನೂರಕ್ಕೆ ಎಷ್ಟೆಂದು ತೋರಿಸುತ್ತಿದೆ ಅಷ್ಟೆ. ಗುಂಡಿಯನ್ನು `OD` ಅಥವಾ `ABS` ಕಡೆಗೆ ತಿರುಗಿಸಿದರೆ ಸಾಕು. ಆದರೂ ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಡೀ ಪ್ರಯೋಗದ ಅರ್ಥ ಈ ಎರಡು ಅಂಕೆಗಳ ನಡುವೆಯೇ ಇದೆ. ನಮ್ಮ ಐದು ದ್ರಾವಣಗಳು `%T`ಯಲ್ಲಿ ಸುಮಾರು 69, 49, 34, 23 ಮತ್ತು 17 ತೋರಿಸುತ್ತವೆ. ಇಳಿಕೆ ಸಮವಾಗಿಲ್ಲ. ಮೊದಲ ಹೆಜ್ಜೆಗೆ 31 ಇಳಿದರೆ ಕೊನೆಯ ಹೆಜ್ಜೆಗೆ ಕೇವಲ 6 ಇಳಿದಿದೆ. ಇದನ್ನೇ ಗ್ರಾಫಿಗೆ ಹಾಕಿದ ವಿದ್ಯಾರ್ಥಿ ಬಾಗಿದ ರೇಖೆಯನ್ನು ಕಂಡು ಪ್ರಯೋಗ ಕೆಟ್ಟಿತೆಂದು ತಿಳಿಯುತ್ತಾನೆ.

ನಿಜವಾಗಿ ನಡೆಯುವುದು ಇಷ್ಟು. ಸಾರತೆಯ ಪ್ರತಿ ಹೆಜ್ಜೆಯೂ ಒಳಬಂದ ಒಟ್ಟು ಬೆಳಕಿನಲ್ಲಿ ಒಂದು ನಿಶ್ಚಿತ ಪಾಲನ್ನು ತೆಗೆಯುವುದಿಲ್ಲ. ಆ ವರೆಗೆ ಉಳಿದ ಬೆಳಕಿನಲ್ಲಿ ಹತ್ತರಲ್ಲಿ ಸುಮಾರು ಮೂರು ಪಾಲನ್ನು ತೆಗೆಯುತ್ತದೆ. ನೂರರಲ್ಲಿ ಉಳಿದದ್ದು 69, ಆ 69ರಲ್ಲಿ ಉಳಿದದ್ದು 49, ಹೀಗೆ ಅದು ಸಾಗುತ್ತದೆ. ಇಂತಹ ಇಳಿಕೆಯ ಲಾಗರಿದಂ ತೆಗೆದಾಗ ಮಾತ್ರ ಸಮಾನ ಹೆಜ್ಜೆಗಳು ಸಿಗುತ್ತವೆ, ಮತ್ತು `OD` ಎಂದರೆ ಆ ಲಾಗರಿದಮ್ಮೇ. ಪದರದ ದಪ್ಪದ ಬಗ್ಗೆ ಲ್ಯಾಂಬರ್ಟ್ 1760ರಲ್ಲಿ ಮತ್ತು ಸಾರತೆಯ ಬಗ್ಗೆ ಬೇರ್ 1852ರಲ್ಲಿ ಹೇಳಿದ್ದನ್ನು ಸೇರಿಸಿ A = εcl ಎಂದು ಬರೆಯುತ್ತೇವೆ. A ಎಂಬುದು `OD`, c ಸಾರತೆ, l ಕ್ಯುವೆಟ್ಟಿನ ಅಗಲ, ε ಆ ವಸ್ತುವಿಗೂ ಆ ತರಂಗಾಂತರಕ್ಕೂ ಸೇರಿದ ಸ್ಥಿರಾಂಕ. ನಮ್ಮ ಅಂಕೆಗಳಲ್ಲಿ ε ಸುಮಾರು 3.9.

ಮೀಟರಿನಲ್ಲಿ `%T` ಮಾತ್ರ ಇದ್ದರೆ ಪ್ರತಿ ಓದನ್ನೂ ಹೀಗೆ ಬದಲಿಸಿಕೊಳ್ಳಬಹುದು:

```
A = 2 - log10(%T)
```

ಲಕ್ಷಣ: ಕಣ್ಣಿಗೆ ಬಣ್ಣ ಬೇರೆ ಬೇರೆ, ಆದರೆ ಅಂಕೆ ಹೆಚ್ಚು ಕಡಿಮೆ ಒಂದೇ

ಫಿಲ್ಟರ್ ನೋಡಿ. ದ್ರಾವಣ ನೀಲಿಯಾಗಿದೆಯೆಂದು ನೀಲಿ ಫಿಲ್ಟರ್ ಹಾಕುವುದು ಅತಿ ಸಾಮಾನ್ಯ ತಪ್ಪು. ಮೈಲುತುತ್ತಿನ ದ್ರಾವಣ ನೀಲಿಯಾಗಿ ಕಾಣುವುದು ಅದು ನೀಲಿ ಬೆಳಕನ್ನು ಬಿಟ್ಟುಕೊಟ್ಟು ಕೆಂಪನ್ನು ಹೀರುವುದರಿಂದ. ಅದರ ಹೀರಿಕೆ ಅತಿ ಹೆಚ್ಚಾಗಿರುವುದು ಸುಮಾರು 800 ನ್ಯಾನೋಮೀಟರಿನ ಬಳಿ, ಅಂದರೆ ಕಣ್ಣಿಗೆ ಕಾಣುವ ಕೆಂಪಿನ ಅಂಚನ್ನೂ ದಾಟಿದಲ್ಲಿ. ಆದ್ದರಿಂದ ನಿಮ್ಮ ಪೆಟ್ಟಿಗೆಯಲ್ಲಿರುವ ಫಿಲ್ಟರುಗಳಲ್ಲಿ ಅತಿ ದೊಡ್ಡ ಅಂಕೆಯ ಕೆಂಪನ್ನು ಮೊದಲು ಹಾಕಿ ನೋಡಬೇಕು. 470ರ ನೀಲಿ ಫಿಲ್ಟರಿನಲ್ಲಿ ನಮ್ಮ 0.08 ಮೋಲಾರ್ ದ್ರಾವಣ ಕೇವಲ 0.01 ತೋರಿಸಿತು. ಅಲ್ಲಿ ತಾಮ್ರವು ಬೆಳಕಿಗೆ ಬಹುತೇಕ ಕಾಣದ ವಸ್ತು. ಈ ಸಂಗತಿಯನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಫಿಲ್ಟರ್ ಬದಲಿಸಿದ ಪ್ರತಿ ಸಲವೂ ಬ್ಲ್ಯಾಂಕನ್ನು, ಅಂದರೆ ಬರಿಯ ನೀರು ತುಂಬಿದ ಕ್ಯುವೆಟ್ಟನ್ನು, ಇಟ್ಟು ಓದನ್ನು ಮತ್ತೆ ಸೊನ್ನೆ ಮಾಡಬೇಕು. ಇದನ್ನು ಮರೆತು ಅರ್ಧ ತಾಸು ಕಳೆದುಕೊಂಡ ತಂಡಗಳನ್ನು ಪ್ರತಿ ವರ್ಷ ಕಾಣುತ್ತೇನೆ.

ಲಕ್ಷಣ: ಬಿಂದುಗಳು ರೇಖೆಯ ಎರಡೂ ಕಡೆ ಚೆದುರಿವೆ

ಖರ್ಚಿಲ್ಲದ ಒಂದು ಪರೀಕ್ಷೆಯಿಂದ ಆರಂಭಿಸಿ. ಒಂದೇ ದ್ರಾವಣ ತುಂಬಿದ ಒಂದೇ ಕ್ಯುವೆಟ್ಟನ್ನು ಐದು ಬಾರಿ ಹೊರತೆಗೆದು ಮತ್ತೆ ಇಟ್ಟು ಓದಿಕೊಳ್ಳಿ. ಓದುಗಳು 0.02ಕ್ಕಿಂತ ಹೆಚ್ಚು ಆಚೀಚೆ ಆದರೆ ದೋಷವಿರುವುದು ನಿಮ್ಮ ಕೈಯಲ್ಲಿ ಅಥವಾ ಕ್ಯುವೆಟ್ಟಿನಲ್ಲಿ, ದ್ರಾವಣದಲ್ಲಿ ಅಲ್ಲ. ನುಣುಪಾದ ಬದಿಗಳು ಬೆಳಕಿನ ದಾರಿಗೆ ಎದುರಾಗಿವೆಯೇ, ಬೆರಳಿನ ಗುರುತಿದೆಯೇ, ಒಳಗೋಡೆಗೆ ಗುಳ್ಳೆ ಅಂಟಿದೆಯೇ ಎಂದು ನೋಡಬೇಕು. ದುಂಡನೆಯ ಗಾಜಿನ ಕೊಳವೆಯಾದರೆ ಅದರ ಮೇಲೊಂದು ಗೆರೆ ಎಳೆದು, ಪ್ರತಿ ಸಲವೂ ಆ ಗೆರೆ ಒಂದೇ ಕಡೆಗೆ ಬರುವಂತೆ ಇಡಬೇಕು. ಜೂನ್ ತಿಂಗಳ ನಮ್ಮ ತೇವದ ಗಾಳಿಯಲ್ಲಿ, ತಣ್ಣಗಿನ ದ್ರಾವಣ ತುಂಬಿದ ಕ್ಯುವೆಟ್ಟಿನ ಹೊರಮೈ ಒಂದು ನಿಮಿಷದೊಳಗೆ ಮಂಜು ಹಿಡಿಯುತ್ತದೆ. ದ್ರಾವಣವನ್ನು ಕೋಣೆಯ ಬಿಸಿಗೆ ಬರಲು ಬಿಟ್ಟು, ಮೃದುವಾದ ಕಾಗದದಿಂದ ಒರೆಸಿ ಇಡುವುದೇ ಇದಕ್ಕೆ ಪರಿಹಾರ.

ಐದು ಓದುಗಳೂ ಒಂದೇ ಆಗಿದ್ದು ಬಿಂದುಗಳು ಮಾತ್ರ ಚೆದುರಿದ್ದರೆ ದ್ರಾವಣಗಳನ್ನು ಅಳೆದು ಬೆರೆಸಿದ್ದರಲ್ಲಿ ತಪ್ಪಾಗಿದೆ. ರೇಖೆಯಿಂದ ದೂರ ನಿಂತ ಒಂದನ್ನು ಮಾತ್ರ ಹೊಸದಾಗಿ ಮಾಡಿದರೆ ಸಾಕು.

ಲಕ್ಷಣ: ರೇಖೆ ನೇರವಿದೆ, ಆದರೆ ಮೂಲಬಿಂದುವಿನ ಮೂಲಕ ಹೋಗುವುದಿಲ್ಲ

ಎಲ್ಲ ಓದುಗಳೂ ಒಂದೇ ಮೊತ್ತದಷ್ಟು, ಉದಾಹರಣೆಗೆ 0.05ರಷ್ಟು, ಮೇಲೆ ನಿಂತಿದ್ದರೆ ಬ್ಲ್ಯಾಂಕ್ ಸರಿಯಿಲ್ಲ. ದ್ರಾವಣ ಓದಿದ ಕ್ಯುವೆಟ್ಟನ್ನೇ ತೊಳೆದು, ಅದರಲ್ಲಿ ಭಟ್ಟಿ ಇಳಿಸಿದ ನೀರನ್ನು ತುಂಬಿ ಓದಿ ನೋಡಿ. ಆಗಲೂ 0.05 ಬಂದರೆ ಎರಡು ಕ್ಯುವೆಟ್ಟುಗಳು ಒಂದೇ ಬಗೆಯವಲ್ಲ. ಒಂದೇ ಕ್ಯುವೆಟ್ಟಿನಲ್ಲಿ ಬ್ಲ್ಯಾಂಕಿನಿಂದ ಆರಂಭಿಸಿ, ತೆಳುವಾದ ದ್ರಾವಣದಿಂದ ಗಾಢವಾದುದರ ಕಡೆಗೆ, ಪ್ರತಿ ಸಲ ಮುಂದಿನ ದ್ರಾವಣದಿಂದಲೇ ಎರಡು ಬಾರಿ ತೊಳೆದುಕೊಂಡು ಹೋದರೆ ಈ ತೊಡಕು ಬಾರದು.

ಲಕ್ಷಣ: ಓದು ನಿಲ್ಲದೆ ಸರಿಯುತ್ತಲೇ ಇದೆ

ನೀರಿನ ಬ್ಲ್ಯಾಂಕನ್ನು ಒಳಗಿಟ್ಟು ಐದು ನಿಮಿಷ ಸುಮ್ಮನೆ ನೋಡಿ. ಬ್ಲ್ಯಾಂಕೇ ಸರಿಯುತ್ತಿದ್ದರೆ ದೀಪ ಇನ್ನೂ ಬಿಸಿಯಾಗಿಲ್ಲ ಅಥವಾ ವಿದ್ಯುತ್ತಿನ ಒತ್ತಡ ಏರಿಳಿಯುತ್ತಿದೆ. ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕು. ಬ್ಲ್ಯಾಂಕ್ ಸ್ಥಿರವಾಗಿದ್ದು ದ್ರಾವಣ ಮಾತ್ರ ಸರಿಯುತ್ತಿದ್ದರೆ ಕಾರಣ ದ್ರಾವಣದಲ್ಲಿಯೇ ಇದೆ. ಓದು ಮೆಲ್ಲಗೆ ಇಳಿಯುತ್ತಿದ್ದರೆ ಬಹುಮಟ್ಟಿಗೆ ಅದರಲ್ಲಿ ಏನೋ ತಳಕ್ಕೆ ಕೂರುತ್ತಿದೆ.

ಲಕ್ಷಣ: ಮನೆಯಿಂದ ತಂದ ದ್ರಾವಣ ಇರಬೇಕಾದುದಕ್ಕಿಂತ ಗಾಢವೆಂದು ತೋರಿಸುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ ಬೆರೆಸುವುದು ವಾಡಿಕೆ. ಹಾಗಾದರೆ ಬೆರೆಸುವ ಮೊದಲಿನ ನೀಲಿ ನೀರಿನಲ್ಲಿ ಲೀಟರಿಗೆ 20 ಗ್ರಾಂ ಲವಣವಿರಬೇಕು, ಅಂದರೆ 0.08 ಮೋಲಾರ್. ನಮ್ಮ ಎರಡನೆಯ ಪ್ರಮಾಣ ದ್ರಾವಣಕ್ಕೆ ಅದು ಸರಿಸಮ. ಒಬ್ಬಳು ವಿದ್ಯಾರ್ಥಿನಿ ತಮ್ಮ ಮನೆಯ ಡ್ರಮ್ಮಿನಿಂದ ಆ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಳು. 680ರಲ್ಲಿ ಅದು 0.37 ತೋರಿಸಿತು. 3.9ರಿಂದ ಭಾಗಿಸಿದರೆ 0.095 ಮೋಲಾರ್, ಅಂದರೆ ಲೀಟರಿಗೆ ಸುಮಾರು 23.7 ಗ್ರಾಂ. “ಹಾಗಾದರೆ ಅಪ್ಪ ನೀರು ಕಡಿಮೆ ಹಾಕಿದ್ದಾ ಸರ್?” ಎಂದು ಅವಳು ಕೇಳಿದಳು. ಲೆಕ್ಕದ ಪ್ರಕಾರ ಅವರು 50ರ ಬದಲು 42 ಲೀಟರ್ ಮಾತ್ರ ಹಾಕಿರಬೇಕಾಗಿತ್ತು, ಆದರೆ ಅವರು ಅಳತೆಯ ಕೊಡದಿಂದಲೇ ಹಾಕಿದ್ದರು.

ಮೊದಲು ಮಾಡಿದ್ದು ಕಣ್ಣಿನ ಪರೀಕ್ಷೆ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಹಿಂದೆ ಅಚ್ಚಿನ ಕಾಗದವನ್ನಿಟ್ಟಾಗ ಅಕ್ಷರಗಳ ಅಂಚು ಮಸುಕಾಗಿತ್ತು. ಪ್ರಯೋಗಶಾಲೆಯ 0.08ರ ಹಿಂದೆ ಅದೇ ಅಕ್ಷರಗಳು ಸ್ಪಷ್ಟವಾಗಿದ್ದವು. ಎರಡನೆಯ ಹೆಜ್ಜೆಯಾಗಿ 470ರ ಫಿಲ್ಟರ್ ಹಾಕಿ, ಬ್ಲ್ಯಾಂಕನ್ನು ಮತ್ತೆ ಸೊನ್ನೆ ಮಾಡಿ ಓದಿದಾಗ ಅವಳ ದ್ರಾವಣ 0.08 ತೋರಿಸಿತು. ತಾಮ್ರ ಬಹುತೇಕ ಕಾಣದಿರುವ ಜಾಗದಲ್ಲಿ 0.08 ಬಂದಿತೆಂದರೆ ಬೆಳಕನ್ನು ತಡೆದದ್ದು ತಾಮ್ರವಲ್ಲ, ನೀರಿನಲ್ಲಿ ತೇಲುತ್ತಿದ್ದ ಕಣಗಳು. ಮೀಟರಿಗೆ ಹೀರಲ್ಪಟ್ಟ ಬೆಳಕಿಗೂ ಚದುರಿಹೋದ ಬೆಳಕಿಗೂ ವ್ಯತ್ಯಾಸ ತಿಳಿಯುವುದಿಲ್ಲ. ತನ್ನ ಬಳಿಗೆ ಬಾರದ ಬೆಳಕನ್ನೆಲ್ಲ ಅದು ಬಣ್ಣದ ಲೆಕ್ಕಕ್ಕೇ ಬರೆಯುತ್ತದೆ.

ಕಣಗಳು ಯಾವುವು ಎಂಬುದನ್ನೂ ತಿಳಿಯಬೇಕಾಗಿತ್ತು, ಏಕೆಂದರೆ ಪರಿಹಾರ ಅದರ ಮೇಲೆ ನಿಂತಿದೆ. ಸ್ವಲ್ಪ ದ್ರಾವಣವನ್ನು ಬೇರೆ ತೆಗೆದು ಎರಡು ಹನಿ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದೆವು. ಮಸುಕು ಕರಗಿ ತಿಳಿಯಾಗಿದ್ದರೆ ಅದು ಡ್ರಮ್ಮಿನಲ್ಲಿ ಹಿಂದಿನ ಸಲ ಉಳಿದ ಸುಣ್ಣದಿಂದಲೋ, ಗಡಸು ನೀರಿನಿಂದಲೋ ಹುಟ್ಟಿದ ತಾಮ್ರದ ಒತ್ತರ ಎಂದಾಗುತ್ತಿತ್ತು. ಅಂತಹುದನ್ನು ಸೋಸಿದರೆ ತಾಮ್ರದ ಒಂದು ಪಾಲೂ ಕಾಗದದ ಮೇಲೆ ಉಳಿದು ಓದು ನಿಜಕ್ಕಿಂತ ಕೆಳಗೆ ಬೀಳುತ್ತದೆ. ಇಲ್ಲಿ ಮಸುಕು ಕರಗಲಿಲ್ಲ. ಅದು ಮುರಕಲ್ಲಿನ ನೆಲದ ಕೆರೆಯಿಂದ ಮೊದಲ ಮಳೆಯ ನೀರಿನೊಡನೆ ಬಂದ ನಯವಾದ ಮಣ್ಣು. ಆದ್ದರಿಂದ ಧೈರ್ಯವಾಗಿ ಸೋಸು ಕಾಗದದಲ್ಲಿ ಎರಡು ಬಾರಿ ಸೋಸಿದೆವು. 470ರಲ್ಲಿ ಓದು 0.01ಕ್ಕೆ ಇಳಿಯಿತು, 680ರಲ್ಲಿ 0.31 ಬಂದಿತು. 0.31ನ್ನು 3.9ರಿಂದ ಭಾಗಿಸಿದರೆ 0.0795. ಅಪ್ಪನ ಅಳತೆ ಸರಿಯಾಗಿತ್ತು.

ಇಲ್ಲಿ ಒಂದು ಅಡ್ಡದಾರಿ ಮನಸ್ಸಿಗೆ ಬರುತ್ತದೆ. ಸೋಸುವ ಬದಲು 0.37ರಿಂದ 0.08ನ್ನು ಕಳೆದರೆ ಆಗದೇ? ಆಗದು. ನಯವಾದ ಕಣಗಳು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಚದುರಿಸುತ್ತವೆ, ಆದ್ದರಿಂದ 470ರಲ್ಲಿ ಕಂಡಷ್ಟೇ ತಡೆ 680ರಲ್ಲಿ ಇರುವುದಿಲ್ಲ. ಕಳೆದಿದ್ದರೆ 0.29 ಬಂದು ಉತ್ತರ ಕಡಿಮೆಯಾಗುತ್ತಿತ್ತು. 470ರ ಓದು ದೋಷವಿದೆಯೆಂದು ತಿಳಿಸುತ್ತದೆ, ಅದರ ಅಳತೆಯನ್ನು ಕೊಡುವುದಿಲ್ಲ.

ಸುಣ್ಣ ಬೆರೆಸಿದ ಮೇಲಿನ ಬೋರ್ಡೋ ದ್ರಾವಣವನ್ನು ಕಲರಿಮೀಟರಿನಲ್ಲಿ ಓದುವುದೇ ತಪ್ಪು. ಅದರಲ್ಲಿ ತಾಮ್ರ ಕರಗಿಲ್ಲ, ನೀಲಿ ಕಣಗಳಾಗಿ ತೇಲುತ್ತಿದೆ. ಹಾಗೆಯೇ ನೀಲಿ ನೀರನ್ನು ಕಬ್ಬಿಣದ ಪಾತ್ರೆಯಲ್ಲಿ ತರಬಾರದು. ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಹತ್ತುವುದನ್ನು ತೋಟದವರೆಲ್ಲ ನೋಡಿದ್ದಾರೆ. ಹಾಗೆ ಕಬ್ಬಿಣಕ್ಕೆ ಹತ್ತಿದ ತಾಮ್ರವೆಲ್ಲ ದ್ರಾವಣದಿಂದ ಹೋದದ್ದು, ಅಷ್ಟರ ಮಟ್ಟಿಗೆ ಓದೂ ಇಳಿಯುತ್ತದೆ.

ಲಕ್ಷಣ: ರೇಖೆಯ ಮೇಲಿನ ತುದಿ ಬಾಗುತ್ತದೆ

ತಾಮ್ರದ ದ್ರಾವಣಕ್ಕೆ ಅಮೋನಿಯಾ ಸೇರಿಸಿ ಕಡುನೀಲಿ ಮಾಡಿದಾಗ ಇದು ಹೆಚ್ಚಾಗಿ ಕಾಣುತ್ತದೆ. ಆ ಸಂಯುಕ್ತ ಸುಮಾರು 600 ನ್ಯಾನೋಮೀಟರಿನ ಬಳಿ ಬಹಳ ಬಲವಾಗಿ ಹೀರುವುದರಿಂದ `OD` ಬೇಗನೆ ಒಂದನ್ನು ದಾಟುತ್ತದೆ. ಬಾಗುವಿಕೆಗೆ ಮುಖ್ಯ ಕಾರಣ ದಾರಿ ತಪ್ಪಿ ಬರುವ ಬೆಳಕು. ಫಿಲ್ಟರಿನ ಆಚೀಚೆಯಿಂದ, ಮುಚ್ಚಳದ ಸಂದಿನಿಂದ ದ್ರಾವಣದ ತಡೆಗೆ ಸಿಗದ ಬೆಳಕು ನೂರಕ್ಕೆ ಒಂದರಷ್ಟು ಒಳಬಂದರೂ, ನಿಜವಾಗಿ 1.00 ಇರಬೇಕಾದ ಓದು 0.96 ಆಗುತ್ತದೆ, 2.00 ಇರಬೇಕಾದದ್ದು 1.70ಕ್ಕೆ ಕುಸಿಯುತ್ತದೆ. ತೆಳು ದ್ರಾವಣದಲ್ಲಿ ಈ ಒಂದು ಪಾಲು ಲೆಕ್ಕಕ್ಕಿಲ್ಲ. ಗಾಢ ದ್ರಾವಣದಲ್ಲಿ ದಾಟಿ ಬರುವ ಬೆಳಕೇ ನೂರಕ್ಕೆ ಒಂದಾಗಿರುವಾಗ ಕಳ್ಳಬೆಳಕು ಅದಕ್ಕೆ ಸರಿಸಮವಾಗಿಬಿಡುತ್ತದೆ.

ಪರೀಕ್ಷೆ ಸುಲಭ. ಅತಿ ಗಾಢವಾದ ದ್ರಾವಣವನ್ನು ನಿಖರವಾಗಿ ಅರ್ಧಕ್ಕೆ ತೆಳುಗೊಳಿಸಿ ಓದಿ. 1.70 ಇದ್ದದ್ದು 0.85 ಆಗುವ ಬದಲು 0.96 ಆದರೆ ಮೇಲಿನ ಓದನ್ನು ನಂಬಬಾರದು. ಮುಚ್ಚಳ ಸರಿಯಾಗಿ ಮುಚ್ಚಿ, ಮೇಲೆ ಕಪ್ಪು ಬಟ್ಟೆ ಹೊದಿಸಿ ಮತ್ತೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ಅದು ಉಪಕರಣದ ಮಿತಿ. ಎಲ್ಲ ಓದುಗಳೂ 0.2ರಿಂದ 0.8ರೊಳಗೆ ಬರುವಂತೆ ದ್ರಾವಣಗಳನ್ನು ತೆಳುಗೊಳಿಸಿ, ಕೊನೆಗೆ ಅಷ್ಟೇ ಪಟ್ಟಿನಿಂದ ಗುಣಿಸುವುದೇ ಸರಿಯಾದ ದಾರಿ. ಅಮೋನಿಯಾ ಸೇರಿಸಿದ ದ್ರಾವಣವನ್ನು ಬರಿಯ ನೀರಿನಿಂದಲ್ಲ, ಅದೇ ಪ್ರಮಾಣದ ಅಮೋನಿಯಾ ನೀರಿನಿಂದ ತೆಳುಗೊಳಿಸಬೇಕು. ಇಲ್ಲವಾದರೆ ಸಂಯುಕ್ತ ಒಡೆದು ಮತ್ತೆ ಮಸುಕು ಬರುತ್ತದೆ. ಈ ಕೆಲಸ ಕಿಟಕಿ ತೆರೆದ ಕೋಣೆಯಲ್ಲಿ ಆಗಬೇಕು.

ಲಕ್ಷಣ: ರೇಖೆ ನಿರ್ದೋಷ, ಉತ್ತರ ತಪ್ಪು

ಎಲ್ಲಕ್ಕಿಂತ ಕಷ್ಟದ ದೋಷ ಇದು, ಏಕೆಂದರೆ ಗ್ರಾಫ್ ಏನನ್ನೂ ಹೇಳುವುದಿಲ್ಲ. ಐದೂ ದ್ರಾವಣಗಳು ಒಂದೇ ಮೂಲದಿಂದ ಹುಟ್ಟಿದವು. ಮೂಲವೇ ತಪ್ಪಾಗಿದ್ದರೆ ಐದೂ ಒಂದೇ ಪ್ರಮಾಣದಲ್ಲಿ ತಪ್ಪಾಗಿ, ರೇಖೆ ನೇರವಾಗಿಯೇ ಮೂಲಬಿಂದುವಿನ ಮೂಲಕ ಹೋಗುತ್ತದೆ. ನೀಲಿ ಹರಳಿನಲ್ಲಿ ಐದು ನೀರಿನ ಅಣುಗಳಿರುವುದರಿಂದ ಅದರ ಮೋಲಾರ್ ತೂಕ 249.7. ಅದನ್ನು ಮರೆತು ನೀರಿಲ್ಲದ ಲವಣದ 159.6ನ್ನು ಹಿಡಿದು ತೂಗಿದರೆ, 0.20 ಎಂದು ಬರೆದ ಬಾಟಲಿಯಲ್ಲಿರುವುದು 0.128 ಮಾತ್ರ. ಆಗ ರೇಖೆಯ ಇಳಿಜಾರು 3.9ರ ಬದಲು 2.5 ಆಗುತ್ತದೆ, ಮತ್ತು 0.08ರ ಮಾದರಿ 0.125 ಎಂದು ಉತ್ತರ ಕೊಡುತ್ತದೆ.

ಇದನ್ನು ಹಿಡಿಯಲು ಇರುವ ಉಪಾಯವೆಂದರೆ ಪ್ರತಿ ತಂಡದ ಇಳಿಜಾರನ್ನು ಫಿಲ್ಟರಿನ ಅಂಕೆಯೊಡನೆ ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆದಿಡುವುದು. ಅದೇ ಉಪಕರಣ, ಅದೇ ಫಿಲ್ಟರ್ ಇದ್ದೂ ಇಳಿಜಾರು ಬಹಳ ಬದಲಾದರೆ ಬೇರೊಬ್ಬರಿಂದ ಹೊಸದಾಗಿ ತೂಗಿಸಿ ಮೂಲ ದ್ರಾವಣ ಮಾಡಿಸಬೇಕು. ಸಣ್ಣ ವ್ಯತ್ಯಾಸವಾದರೆ ಹರಳನ್ನು ನೋಡಿ. ಒದ್ದೆಯಾಗಿ ಗಂಟು ಕಟ್ಟಿದ ಹರಳಿನಲ್ಲಿ ತೂಕಕ್ಕೆ ತಕ್ಕ ತಾಮ್ರವಿಲ್ಲ, ಬಿಳಿ ಪುಡಿ ಹತ್ತಿದ ಹರಳು ನೀರನ್ನು ಕಳೆದುಕೊಂಡು ತೂಕಕ್ಕೆ ಮೀರಿದ ತಾಮ್ರವನ್ನು ಹೊಂದಿದೆ.

ಎಲ್ಲಿ ನಿಲ್ಲಿಸಬೇಕು

ದೀಪ ಹೊತ್ತದಿದ್ದರೆ, ಯಾವ ಫಿಲ್ಟರಿನಲ್ಲೂ ಬ್ಲ್ಯಾಂಕ್ ಸೊನ್ನೆಗೆ ಬಾರದಿದ್ದರೆ, ಸುಟ್ಟ ವಾಸನೆ ಬಂದರೆ, ಅಥವಾ ಕ್ಯುವೆಟ್ ಇಡುವ ಗುಳಿಯೊಳಗೆ ದ್ರಾವಣ ಚೆಲ್ಲಿದರೆ ಸ್ವಿಚ್ ಆರಿಸಿ ಪ್ಲಗ್ ಕೀಳಬೇಕು. ಹೊರಗಿನಿಂದ ಒರೆಸಬಹುದಾದಷ್ಟನ್ನು ಒರೆಸಿ, ಉಳಿದದ್ದನ್ನು ಉಪಕರಣ ದುರಸ್ತಿ ಬಲ್ಲವರಿಗೆ ಬಿಡಬೇಕು. ಒಳಗೆ 230 ವೋಲ್ಟಿನ ಸಂಪರ್ಕವಿರುವ ಪೆಟ್ಟಿಗೆಯ ತಳವನ್ನು ವಿದ್ಯಾರ್ಥಿಗಳಾಗಲಿ ಅಧ್ಯಾಪಕರಾಗಲಿ ಬಿಚ್ಚಬಾರದು.

ತೋಟದ ಪಕ್ಕದ ಬಾವಿಯ ನೀರನ್ನು ತಂದು, ಇದರಲ್ಲಿ ತಾಮ್ರವಿದೆಯೇ ನೋಡೋಣ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಈ ವಿಧಾನದಿಂದ ಉತ್ತರಿಸಬಾರದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ, ಬೇರೆ ನೀರಿನ ಮೂಲವಿಲ್ಲದಾಗಲೂ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರಕೂಡದು. ಅಷ್ಟು ತಾಮ್ರ ನಮ್ಮ ಕೆಂಪು ಫಿಲ್ಟರಿನಲ್ಲಿ ಕೊಡುವ `OD` ಹತ್ತು ಸಾವಿರದಲ್ಲಿ ಒಂದರಷ್ಟು, ಮೀಟರ್ ತೋರಿಸುವ ಅತಿ ಚಿಕ್ಕ ಅಂಕೆ ನೂರರಲ್ಲಿ ಒಂದು. ಮಿತಿಯ ಹತ್ತು ಪಟ್ಟು ತಾಮ್ರವಿರುವ ನೀರೂ ಇಲ್ಲಿ 0.00 ಎಂದೇ ಓದಿಸಿಕೊಳ್ಳುತ್ತದೆ. ಅಂತಹ ಮಾದರಿಯನ್ನು ಶುಭ್ರವಾದ ಬಾಟಲಿಯಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಡಬೇಕು, ಮತ್ತು ಅಲ್ಲಿಂದ ಉತ್ತರ ಬರುವವರೆಗೆ ಅನುಮಾನವಿರುವ ನೀರನ್ನು ಕುಡಿಯಬಾರದು.